ಕೋನಕ್ಕೆ ಮೊದಲು ಚಿತ್ರ ಸರಿಯಿರಲಿ

ಹಸುಗೂಸಿನ ಸೊಂಟದ ಕೀಲಿನ ಸ್ಕ್ಯಾನಿಂಗ್ ವರದಿಯಲ್ಲಿ ಎಲ್ಲರ ಕಣ್ಣು ಹೋಗುವುದು ‘ಆಲ್ಫಾ’ ಕೋನದ ಮೇಲೆ. ಅರವತ್ತು ಡಿಗ್ರಿ ಅಥವಾ ಹೆಚ್ಚಿದ್ದರೆ ಕೀಲು ಬಲಿತಿದೆ. 43ಕ್ಕಿಂತ ಕಡಿಮೆಯಿದ್ದರೆ ತೊಡೆಮೂಳೆಯ ತಲೆ ಬಟ್ಟಲಿನಿಂದ ಜಾರಿರುತ್ತದೆ. ಆಸ್ಟ್ರಿಯಾದ ಮೂಳೆತಜ್ಞ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಮುಂದಿಟ್ಟ ಈ ವಿಧಾನದ ಬಲ ಅದರ ಕಟ್ಟುನಿಟ್ಟಿನಲ್ಲಿದೆ. ಕಟ್ಟುನಿಟ್ಟು ಬಿಟ್ಟು ಬರೀ ಅಂಕಿ ಉಳಿಸಿಕೊಂಡರೆ ಅದರಿಂದ ಪ್ರಯೋಜನವಿಲ್ಲ.

ಮಗುವನ್ನು ಮಗ್ಗುಲಾಗಿ ಮಲಗಿಸಿ, ಪ್ರೋಬನ್ನು ಸೊಂಟದ ಪಕ್ಕಕ್ಕೆ ನೆಟ್ಟಗೆ ಹಿಡಿಯಬೇಕು. ಚಿತ್ರದಲ್ಲಿ ಮೂರು ಗುರುತು ಸ್ಪಷ್ಟವಾಗಿ ಕಾಣಬೇಕು: ಬಟ್ಟಲಿನ ತಳದಲ್ಲಿ ಇಲಿಯಂ ಮೂಳೆಯ ಕೆಳತುದಿ, ಮೇಲೆ ನೆಟ್ಟಗಿರುವ ಇಲಿಯಂ ಗೆರೆ, ಬಟ್ಟಲಿನ ಅಂಚಿನ ಲೇಬ್ರಮ್. ಆ ಮೇಲೆ ಇಲಿಯಂ ಗುಂಟ ಒಂದು ಗೆರೆ, ಕೆಳತುದಿಯಿಂದ ಮೂಳೆಯ ಚಾವಣಿಗೆ ತಾಗುವಂತೆ ಇನ್ನೊಂದು ಗೆರೆ ಎಳೆದರೆ ನಡುವಿನ ಕೋನವೇ ಆಲ್ಫಾ.

ಒಂದು ಉದಾಹರಣೆ ನೋಡೋಣ. ಗರ್ಭದಲ್ಲಿ ತಲೆ ಮೇಲಾಗಿದ್ದ, ತರೀಕೆರೆ ಕಡೆಯ ಆರು ವಾರದ ಹೆಣ್ಣು ಮಗು. ವರದಿಯಲ್ಲಿ ಎಡಗಡೆ 54 ಎಂದಿದೆ. ಆರು ವಾರಕ್ಕೆ 55 ಆಗಿರಬೇಕಾದ್ದರಿಂದ ಬೆಳವಣಿಗೆ ಹಿಂದುಳಿದಿದೆ ಎಂದೇ ಅರ್ಥ. ಪಟ್ಟಿ ಕಟ್ಟುವ ಚಿಕಿತ್ಸೆಯ ಮಾತು ಬರುತ್ತದೆ. ಆದರೆ ಚಿತ್ರದಲ್ಲಿ ಇಲಿಯಂ ಗೆರೆ ಬಾಗಿದೆ, ಕೆಳತುದಿ ಮಸುಕಾಗಿದೆ. ಪ್ರೋಬ್ ವಾಲಿದ್ದರೆ ಹೀಗಾಗುತ್ತದೆ, ಆ ಚಿತ್ರದಲ್ಲಿ ಅಳೆಯಲೇಬಾರದು. ಸರಿಯಾಗಿ ಹಿಡಿದು ಮತ್ತೆ ನೋಡಿದಾಗ 61 ಬಂದರೆ ಆ ಮಗುವಿಗೆ ಚಿಕಿತ್ಸೆಯೇ ಬೇಡ. ತಪ್ಪು ಇನ್ನೊಂದು ದಿಕ್ಕಿಗೂ ಆಗಬಹುದು: ದುರ್ಬಲ ಕೀಲು ಸರಿಯಾಗಿದೆಯೆಂದು ಮನೆಗೆ ಹೋಗುತ್ತದೆ.

ವಯಸ್ಸು ಬರೆಯದ ಕೋನವೂ ಅಷ್ಟೇ ಅಪೂರ್ಣ. ಆರು ವಾರದಲ್ಲಿ 56 ಬಂದರೆ ಕಾದು ನೋಡಿ ಮತ್ತೆ ಸ್ಕ್ಯಾನ್ ಮಾಡಿದರೆ ಸಾಕು. ಹನ್ನೆರಡು ವಾರ ದಾಟಿದ ಮೇಲೂ 56 ಇದ್ದರೆ ಚಿಕಿತ್ಸೆ ಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಆ ವಾರಗಳನ್ನು ಕಳೆದು ಲೆಕ್ಕ ಹಾಕಬೇಕು.

ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕುಗಳಲ್ಲಿ ಇದರ ತೂಕ ಹೆಚ್ಚು. ಇಲ್ಲಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಮಗುವನ್ನು ಎತ್ತಿಕೊಂಡು ಹೋದ ಮನೆಯವರು ತಿಂಗಳೊಳಗೆ ಮತ್ತೆ ಹೋಗುವುದು ಸುಲಭವಲ್ಲ. ಒಂದು ಅನುಕೂಲ ಮಾತ್ರ ಕೈಯಲ್ಲೇ ಇದೆ: ಆಶಾ ಕಾರ್ಯಕರ್ತೆಯ 42ನೇ ದಿನದ ಮನೆಭೇಟಿ, ಆರನೇ ವಾರದ ಲಸಿಕೆ, ಈ ಸ್ಕ್ಯಾನಿಂಗ್‌ಗೆ ಒಳ್ಳೆಯ ಸಮಯ ಮೂರೂ ಒಟ್ಟಿಗೇ ಬರುತ್ತವೆ. ಗರ್ಭದಲ್ಲಿ ತಲೆ ಮೇಲಾಗಿದ್ದ, ಇಲ್ಲವೇ ಒಡಹುಟ್ಟಿದವರಿಗೆ ಸೊಂಟದ ಕೀಲಿನ ತೊಂದರೆಯಿದ್ದ ಮಗುವನ್ನು ಅಂದೇ ಸ್ಕ್ಯಾನಿಂಗ್‌ಗೆ ಕಳುಹಿಸಬಹುದು.

ಗ್ರಾಫ್ ವಿಧಾನ ನಂಬಿಕೆಗೆ ಅರ್ಹ. ಆದರೆ ಗೆರೆ ಎಳೆದ ಚಿತ್ರವೂ ಮಗುವಿನ ವಾರಗಳೂ ಇಲ್ಲದ ವರದಿಯ ಮೇಲೆ ಯಾವ ವೈದ್ಯರೂ ಚಿಕಿತ್ಸೆ ಶುರುಮಾಡಬಾರದು, ನಿಲ್ಲಿಸಲೂಬಾರದು. ಪೋಷಕರು ವರದಿಯ ಜೊತೆ ಆ ಚಿತ್ರವನ್ನೂ ಕೇಳಿ ಪಡೆಯಲಿ.