ನಲವತ್ತಕ್ಕೆ ಇಪ್ಪತ್ತೆರಡು

ಯುಗಾದಿಗೆ ಊರಿಗೆ ಹೋದಾಗ ಕೊಳ್ಳೇಗಾಲದ ಭಾವ ಮೊಬೈಲ್ ಮುಂದೆ ಹಿಡಿದರು. "ನೀನು ಇಂಜಿನಿಯರು, ಇದ್ನ ವಸಿ ನೋಡ್ಬುಟ್ಟು ಯೋಳಪ್ಪ."

ಮೈಸೂರು, ಬೆಂಗಳೂರು ರೇಸಿಗೆ ಟಿಪ್ ಮಾರುವವನೊಬ್ಬನ ಪಟ್ಟಿ ಅದು. ಎರಡು ತಿಂಗಳಲ್ಲಿ 40 ಟಿಪ್, 22 ಗೆಲುವು. ಅಂದ್ರೆ 55% ಸ್ಟ್ರೈಕ್ ರೇಟ್. ತಿಂಗಳಿಗೆ 3,000 ರೂಪಾಯಿ. ಹನೂರು, ಯಳಂದೂರಿನ ಭಾವನ ಗೆಳೆಯರೂ ಕಟ್ಟಿದ್ದಾರಂತೆ. ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಒಪ್ಪೋಣ. ಆ ಕೌಶಲ ಇವನ ಹತ್ರ ಇದೆಯಾ?

ಮೊದಲು ರೇಟು. ಪಟ್ಟಿಯಲ್ಲಿ ಎಲ್ಲ ಕುದುರೆಗೂ ಸರಾಸರಿ ನೂರಕ್ಕೆ ನೂರು ಅಂತಿದೆ. ಪ್ರತಿ ಸಲ 100 ರೂ. ಕಟ್ಟಿದ್ದರೆ 4,000 ಹೋಗಿ 4,400 ವಾಪಸ್. ಆದರೆ ಮೆಸೇಜ್ ಬಂದ ಕೂಡಲೇ ಎಲ್ಲರೂ ಅದೇ ಕುದುರೆಗೆ ಮುಗಿಬೀಳ್ತಾರೆ, ರೇಟು ಇಳಿಯತ್ತೆ. ಭಾವ ತಮಗೆ ಸಿಕ್ಕ ರೇಟನ್ನು ಡೈರಿಯಲ್ಲಿ ಬರೆದಿಟ್ಟಿದ್ದರು (ರೇಷ್ಮೆ ಗೂಡಿನ ಲೆಕ್ಕದ ಡೈರಿ ಅದು). ಸರಾಸರಿ ನೂರಕ್ಕೆ ಎಪ್ಪತ್ತು. ಆ ರೇಟಲ್ಲಿ ಅದೇ 22 ಗೆಲುವಿಗೆ ಬರೋದು 3,740. ಟಿಪ್ ಗೆದ್ದಿದೆ, ಭಾವ 260 ರೂ. ಸೋತಿದ್ದಾರೆ. ಫೀಸು, ಜಿಎಸ್‌ಟಿ ನಾನಿನ್ನೂ ಸೇರಿಸಿಲ್ಲ. ಈ ರೇಟಲ್ಲಿ ಅಸಲು ಉಳಿಯಬೇಕಾದ್ರೆ 100ಕ್ಕೆ 59 ಗೆಲ್ಲಬೇಕು: 100 ಭಾಗಿಸು 1.7.

"ಮುಂದೆ ಜಾಸ್ತಿ ಗೆಲ್ಬೋದಲ್ವಾ?" ಅಂದರು ಭಾವ. ನ್ಯಾಯವಾದ ಪ್ರಶ್ನೆ. 40 ಟಿಪ್‌ನಿಂದ ಅವನ ನಿಜವಾದ ತಾಕತ್ತು ಎಷ್ಟು ಗೊತ್ತಾಗತ್ತೆ? ಲೆಕ್ಕ ಇಷ್ಟೇ:

```
p ± 1.96 × sqrt(p(1-p)/n)
```

p ಅಂದ್ರೆ 0.55, n ಅಂದ್ರೆ 40. ಉತ್ತರ 55 ± 15, ಅಂದರೆ ಸುಮಾರು 40ರಿಂದ 70%. ಇದೇ 95% ಕಾನ್ಫಿಡೆನ್ಸ್ ಇಂಟರ್ವಲ್. ಒಂದು ತುದಿಯಲ್ಲಿ ಮನೆ ಮಾರಿಸೋನು, ಇನ್ನೊಂದು ತುದಿಯಲ್ಲಿ ಮಾಂತ್ರಿಕ. ಈ ಪಟ್ಟಿ ಇಬ್ಬರಿಗೂ ಹೊಂದತ್ತೆ. ಇದೇ 55% ಅನ್ನು 400 ಟಿಪ್‌ವರೆಗೆ ಉಳಿಸಿಕೊಂಡರೂ ಅಂತರ ಸುಮಾರು 50ರಿಂದ 60. ಬೇಕಾದ 59 ಆಗಲೂ ಒಳಗೇ, ಅದೂ ಅಂಚಲ್ಲಿ.

ಇಷ್ಟೂ ಲೆಕ್ಕ ಪಟ್ಟಿ ಪೂರ್ತಿ ಇದೆ ಅಂತ ನಂಬಿ ಮಾಡಿದ್ದು. ಗೂಡಿನ ಮಾರ್ಕೆಟ್ಟಲ್ಲಿ ರೀಲರ್ ಮೇಲಿನ ಗೂಡು ನೋಡಿ ಹರಾಜು ಕೂಗಲ್ಲ, ಲಾಟಿನ ತಳಕ್ಕೂ ಕೈ ಹಾಕ್ತಾನೆ. ಸೋತ ಆರು ಮೆಸೇಜ್ ಅಳಿಸಿದ್ದರೆ ಇಂಟರ್ವಲ್ ಏನೂ ಕಾಪಾಡಲ್ಲ: 46ಕ್ಕೆ 22 ಅಂದ್ರೆ 48%.

ಮೊದಲಿಂದ ಎಲ್ಲ ಟಿಪ್ ಕೊಡು ಅಂತ ಭಾವ ಕೇಳಿದರು. "ಹಳೇದು ಇರಲ್ಲ ಸಾರ್" ಅಂದನಂತೆ. ಈಗ ಭಾವ ದುಡ್ಡು ಕಟ್ಟದೆ, ರೇಸಿಗೆ ಮುಂಚೆ ಟಿಪ್, ಟೈಮು, ಆ ಹೊತ್ತಿನ ರೇಟು ಡೈರಿಗೆ ಬರೀತಿದ್ದಾರೆ. ಹತ್ತೊಂಬತ್ತು ಆಗಿದೆ. ಹನೂರಿನವರು ಮಾತ್ರ ಇನ್ನೂ ಕಟ್ತಾನೇ ಇದ್ದಾರೆ.