ನೆರೆಹೊರೆಯ ಹಬ್ಬದ ಚಿತ್ರಕ್ಕೆ ನಿರೂಪಣೆ: ರಸಿಕರಿಗೊಂದು ಕೈಪಿಡಿ

ಒಂದೇ ಹಬ್ಬವನ್ನು ಹಲವು ಮನೆಯವರು ತಮ್ಮ ತಮ್ಮ ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ಜೋಡಿಸಿ ಮಾಡಿದ ಕಿರುಚಿತ್ರದಲ್ಲಿ, ದೃಶ್ಯದ ಹಿಂದಿನಿಂದ ಕೇಳಿಬರುವ ಮಾತನ್ನು ಹಿನ್ನೆಲೆ ನಿರೂಪಣೆ ಎನ್ನುತ್ತಾರೆ. ಒಬ್ಬರೇ ತೆಗೆದ ಚಿತ್ರದಲ್ಲಿ ನೋಟಕ್ಕೆ ತಾನಾಗಿ ಒಂದು ನೆಲೆಯಿರುತ್ತದೆ. ಇಲ್ಲಿ ಒಂದು ತುಣುಕು ಅಡುಗೆಮನೆಯದು, ಇನ್ನೊಂದು ಮೂರನೆಯ ಮಹಡಿಯಿಂದ ತೆಗೆದದ್ದು, ಮತ್ತೊಂದು ಜನಜಂಗುಳಿಯಲ್ಲಿ ಅಲುಗಾಡಿದ್ದು ಆಗಿರುವುದರಿಂದ, ಇವನ್ನೆಲ್ಲ ಒಂದೇ ಹಬ್ಬವಾಗಿ ಹೆಣೆಯುವ ಹೊಣೆ ಹೆಚ್ಚಾಗಿ ಮಾತಿನ ಮೇಲೆಯೇ ಬೀಳುತ್ತದೆ.

ಬೆಂಗಳೂರಿನ ಜಯನಗರದ ಬೀದಿಯೊಂದರ ಗಣೇಶೋತ್ಸವವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮೊದಲ ತುಣುಕಿನಲ್ಲಿ 8 ಸೆಕೆಂಡು ಕಡುಬಿನ ಪಾತ್ರೆಯಿಂದ ಹಬೆ ಏಳುತ್ತದೆ. ನಿಧಾನವಾಗಿ ಓದಿದರೆ ಅಷ್ಟರಲ್ಲಿ ಸುಮಾರು 12 ಪದಗಳು ಹಿಡಿಸುತ್ತವೆ. ಅವುಗಳನ್ನು "ಬಿಸಿ ಬಿಸಿ ಕಡುಬು ಬೇಯುತ್ತಿದೆ" ಎಂದು ಕಳೆದರೆ, ಕಣ್ಣು ಆಗಲೇ ಕಂಡದ್ದನ್ನು ಕಿವಿಗೆ ಮತ್ತೆ ಒಪ್ಪಿಸಿದಂತಾಗುತ್ತದೆ. "ನಲವತ್ತು ತೆಂಗಿನಕಾಯಿ ತುರಿದು ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು" ಎಂಬ ಮಾತಾದರೋ, ಯಾರ ಮೊಬೈಲೂ ಹಿಡಿಯದ ಹಿಂದಿನ ರಾತ್ರಿಯನ್ನು ಆ ಹಬೆಯೊಳಕ್ಕೆ ತರುತ್ತದೆ. "ಅದ್ಧೂರಿಯಾಗಿ ಆಚರಿಸಲಾಯಿತು" ಎಂಬಂಥ ಸಂಘದ ವರದಿಯ ಮಾತು ಈ ಪ್ರಕಾರದ ದೊಡ್ಡ ಶತ್ರು, ಏಕೆಂದರೆ ಅದರಲ್ಲಿ ಮಾಡಿದವರೇ ಮಾಯವಾಗುತ್ತಾರೆ.

ರಸಿಕರು ವಿಶೇಷವಾಗಿ ಗಮನಿಸಬೇಕಾದದ್ದು ಕ್ರಿಯಾಪದದ ಜಾಗವನ್ನು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ, ಅದು ಬರುವವರೆಗೂ ಕೇಳುಗರ ಮನಸ್ಸು ಕಾದಿರುತ್ತದೆ. ನುರಿತ ಬರಹಗಾರರು ಈ ಕಾಯುವಿಕೆಯನ್ನೇ ಎರಡು ತುಣುಕುಗಳ ನಡುವಿನ ಸೇತುವೆಯಾಗಿಸುತ್ತಾರೆ. ಮಹಡಿಯಿಂದ ತೆಗೆದ ಚಪ್ಪರದ ದೃಶ್ಯದ ಮೇಲೆ "ಐದು ದಿನ ನಮ್ಮ ಬೀದಿಯ ತುದಿಯಲ್ಲಿ ಕೂತಿದ್ದ ಗಣಪ" ಎಂದು ಆರಂಭಿಸಿ, ದೃಶ್ಯ ಬೀದಿಗೆ ಇಳಿದ ಮೇಲೆ "ಟ್ರ್ಯಾಕ್ಟರ್ ಏರಿ ಹೊರಟಿದ್ದಾನೆ" ಎಂದು ಮುಗಿಸಿದರೆ, ಬೆಳಕು, ಎತ್ತರ, ಕೈ ಎಲ್ಲವೂ ಬದಲಾದರೂ ನೋಡುವವರಿಗೆ ಎಡವಿದಂತೆ ಅನಿಸುವುದಿಲ್ಲ. ವಾಕ್ಯ ಮೊದಲ ದೃಶ್ಯದಲ್ಲೇ ಮುಗಿದುಹೋದರೆ, ಎರಡನೆಯ ತುಣುಕು ಬೇರೆ ಯಾವುದೋ ಊರಿನದೆಂಬಂತೆ ಒಂಟಿಯಾಗಿ ನಿಲ್ಲುತ್ತದೆ. ಆ ವಾಕ್ಯದಲ್ಲಿನ "ನಮ್ಮ" ಎಂಬ ಪದವೂ ಕೆಲಸ ಮಾಡುತ್ತಿದೆ: ತುಣುಕು ಕಳಿಸಿದವರೆಲ್ಲರೂ ಅದರೊಳಗೆ ಸೇರುತ್ತಾರೆ.

ಮೊಬೈಲಿನಲ್ಲಿ ದೃಶ್ಯದ ಜೊತೆಗೇ ದಾಖಲಾದ ಸದ್ದನ್ನು ಮೂಲಧ್ವನಿ ಎನ್ನಬಹುದು. ನಿರೂಪಕರು ಮಾತಾಡುವಾಗ ಅದನ್ನು ತಗ್ಗಿಸುತ್ತಾರಾದರೂ, ತಮಟೆ ಜೋರಾದಾಗ ಅದರ ಜೊತೆ ಪೈಪೋಟಿಗಿಳಿದು ಮಾತಿನ ವೇಗ ಹೆಚ್ಚಿಸಿದರೆ ಎರಡೂ ಕೆಡುತ್ತವೆ. ಪದಗಳು ಒಂದರ ಮೇಲೊಂದು ಬಿದ್ದು ವಾಕ್ಯದ ಕೊನೆ ನುಂಗಿಹೋಗುವುದೇ ಇದರ ಗುರುತು. ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಮೂರ್ತಿ ಮುಳುಗುವ ಕೊನೆಯ ತುಣುಕಿಗೆ ಬರಹಗಾರರು ಒಂದು ಪದವನ್ನೂ ಬರೆಯಬಾರದು. ಅಲ್ಲಿ ಜನರ ಕೂಗು ಮತ್ತು ನೀರಿನ ಸದ್ದು ಎರಡೇ ಸಾಕು.