ಶೇ. 6 ಎಂದರೆ ಎಷ್ಟು?

ಫ್ರಾಂಚೈಸಿ ತೆಗೆದುಕೊಳ್ಳಲು ಹೊರಟವರು ಎಷ್ಟೋ ಸಲ ಓದುವುದು ಒಪ್ಪಂದ ಪತ್ರವನ್ನಲ್ಲ, ಅದರ ಸಾರಾಂಶವನ್ನು. ಹತ್ತಾರು ಪುಟಗಳ ಇಂಗ್ಲಿಷ್ ಕರಾರನ್ನು ಮಧ್ಯವರ್ತಿಯೋ ಆಡಿಟರೋ ಒಂದು ಹಾಳೆಗೆ ಇಳಿಸಿರುತ್ತಾರೆ: ರಾಯಲ್ಟಿ ಶೇ. 6, ಜಾಹೀರಾತು ನಿಧಿಗೆ ಶೇ. 2, ಸುತ್ತ 3 ಕಿ.ಮೀ. ನಿಮ್ಮದೇ ವ್ಯಾಪ್ತಿ, 15 ದಿನ ಉಚಿತ ತರಬೇತಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲದಿರಬಹುದು. ಆದರೂ ನನ್ನ ಪ್ರಕಾರ ಇದು ಕೆಟ್ಟ ಸಾರಾಂಶ. ಬರೆದವರು ‘ರಾಯಲ್ಟಿ’ ಎಂಬ ತಲೆಬರಹದ ಕೆಳಗೆ ರಾಯಲ್ಟಿಯನ್ನು ಹುಡುಕಿ ಅಲ್ಲಿಗೇ ನಿಲ್ಲಿಸಿದ್ದಾರೆ.

ಅಮೆರಿಕದಲ್ಲಿ ಸಹಿ ಅಥವಾ ಹಣ ಪಾವತಿಗೆ ಕನಿಷ್ಠ 14 ದಿನ ಮುಂಚೆ ಶುಲ್ಕ, ವ್ಯಾಪ್ತಿ, ತರಬೇತಿಗಳನ್ನೆಲ್ಲ ನಿಗದಿತ ನಮೂನೆಯಲ್ಲಿ ಬಿಚ್ಚಿಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಸರೆ. ಹಾಗಾಗಿ ಆ ಒಂದು ಹಾಳೆಯ ಮೇಲೆ ಬೀಳುವ ಭಾರ ಇಲ್ಲಿ ಹೆಚ್ಚು.

ಒಂದು ಕಲ್ಪಿತ ಕಾಫಿ–ತಿಂಡಿ ಸರಣಿಯನ್ನು ಇಟ್ಟುಕೊಂಡು ನೋಡೋಣ. ಶೇ. 6 ಎನ್ನುವುದು ಯಾವ ಮೊತ್ತದ ಮೇಲೆ? ಅದರ ಉತ್ತರ ರಾಯಲ್ಟಿ ಕಲಮಿನಲ್ಲಿಲ್ಲ, ಪತ್ರದ ಆರಂಭದ ವ್ಯಾಖ್ಯೆಗಳಲ್ಲಿದೆ: ‘ಒಟ್ಟು ಮಾರಾಟ’ ಎಂದರೆ ರಿಯಾಯಿತಿಯನ್ನೂ ಡೆಲಿವರಿ ಆ್ಯಪ್‌ನ ಕಮಿಷನ್ನನ್ನೂ ಕಳೆಯುವ ಮುಂಚಿನ ಮೊತ್ತ. ತಿಂಗಳ ಮಾರಾಟ 10 ಲಕ್ಷ, ಅದರಲ್ಲಿ 4 ಲಕ್ಷ ಆ್ಯಪ್ ಮೂಲಕ ಬಂದದ್ದು ಎನ್ನೋಣ. ಕಮಿಷನ್ ಶೇ. 25ರಂತೆ 1 ಲಕ್ಷ, ಅಂಗಡಿಯೇ ಹೊತ್ತ ರಿಯಾಯಿತಿ 40 ಸಾವಿರ ಹೋದರೆ ಮಾಲೀಕರ ಕೈಗೆ ಬರುವುದು 8.6 ಲಕ್ಷ. ರಾಯಲ್ಟಿ ಮತ್ತು ಜಾಹೀರಾತು ನಿಧಿ ಮಾತ್ರ ಪೂರ್ತಿ 10 ಲಕ್ಷದ ಮೇಲೆ, 80 ಸಾವಿರ. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 94,400. ಗ್ರಾಹಕರಿಂದ ಶೇ. 5 ಜಿಎಸ್‌ಟಿ ಪಡೆಯುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಕಟ್ಟಿದ ಆ 14,400 ಹೋದದ್ದೇ. ಕೈಗೆ ಬಂದ ಹಣದ ಲೆಕ್ಕದಲ್ಲಿ ಕಂಪನಿಯ ಬಾಬತ್ತು ಸುಮಾರು ಶೇ. 11. ಸಾರಾಂಶದ ಆರು ಮತ್ತು ಎರಡನ್ನು ಕೂಡಿದವರಿಗೆ ಈ ಅಂಕಿ ಹೊಳೆಯುವುದೇ ಇಲ್ಲ.

ಇನ್ನೊಂದು ಸಾಲು ಪತ್ರದ ಕೊನೆಯ ಅನುಬಂಧದಲ್ಲಿ ಕೂತಿದೆ: ಶೇ. 6 ಅಥವಾ ತಿಂಗಳಿಗೆ 40 ಸಾವಿರ, ಯಾವುದು ಹೆಚ್ಚೋ ಅದು. ಮಾರಾಟ 5 ಲಕ್ಷಕ್ಕೆ ಇಳಿದ ತಿಂಗಳಲ್ಲಿ ಶೇ. 6 ಅಂದರೆ 30 ಸಾವಿರ; ಕಟ್ಟಬೇಕಾದದ್ದು 40. ವ್ಯಾಪಾರ ಸೊರಗಿದಾಗಲೇ ದರ ಶೇ. 8ಕ್ಕೆ ಏರುತ್ತದೆ.

ವ್ಯಾಪ್ತಿಯ ಕಲಮು ಇನ್ನೂ ಚಾಲಾಕಿನದು. ಅಲ್ಲಿ ಕೊಟ್ಟ ಮಾತು ‘3 ಕಿ.ಮೀ. ಒಳಗೆ ಇನ್ನೊಂದು ಮಳಿಗೆ ಇಲ್ಲ’ ಎಂದಷ್ಟೆ. ಕಂಪನಿ ತನಗಾಗಿ ಉಳಿಸಿಕೊಂಡ ಹಕ್ಕುಗಳ ಕಲಮಿಗೆ ಹೋದರೆ ಮೆಟ್ರೊ ನಿಲ್ದಾಣದ ಕಿಯಾಸ್ಕ್, ಮಾಲ್‌ನ ಫುಡ್ ಕೋರ್ಟ್, ಐಟಿ ಪಾರ್ಕಿನ ಕ್ಯಾಂಟೀನ್, ಡೆಲಿವರಿಗೆಂದೇ ಇರುವ ಅಡುಗೆಮನೆ, ಪೊಟ್ಟಣದ ಚಟ್ನಿಪುಡಿ ಎಲ್ಲವೂ ಹೊರಗಿವೆ. ಬೆಂಗಳೂರಿನಂಥ ಊರಲ್ಲಿ ಇವನ್ನೆಲ್ಲ ಕಳೆದರೆ 3 ಕಿ.ಮೀ.ನಲ್ಲಿ ಮಾಲೀಕರ ಪಾಲಿಗೆ ಉಳಿಯುವುದು ಬಾಡಿಗೆ ದುಬಾರಿಯಾದ ರಸ್ತೆಬದಿಯೊಂದೇ. ಸತತ ಎರಡು ತ್ರೈಮಾಸಿಕ ಗುರಿ ತಪ್ಪಿದರೆ ಆ ವ್ಯಾಪ್ತಿಯೂ ರದ್ದು. ಅಂತರದ ಜೊತೆಗೇ ಈ ವಿನಾಯಿತಿಗಳನ್ನೂ ಬರೆಯದ ಸಾರಾಂಶ, ಬರೆದವರ ಉದ್ದೇಶ ಏನೇ ಇರಲಿ, ಕಂಪನಿಯ ಕರಪತ್ರದಂತೆಯೇ ಕೆಲಸ ಮಾಡುತ್ತದೆ. ಮಧ್ಯವರ್ತಿಗೆ ಕಮಿಷನ್ ಕೊಡುವವರು ಯಾರು ಎಂಬುದನ್ನೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ತರಬೇತಿಯಲ್ಲಿ ಕರ್ತವ್ಯ ಎರಡೂ ಕಡೆಗಿದೆ, ತೂಕ ಬೇರೆ. ಅಂಗಡಿ ತೆರೆಯುವ ಮುಂಚೆ ಇಬ್ಬರಿಗೆ ಕಲಿಸಲು ಕಂಪನಿ ಬದ್ಧ. ಆಮೇಲಿನ ನೆರವು ಅದಕ್ಕೆ ಸೂಕ್ತ ಕಂಡರೆ ಮಾತ್ರ. ಮಾಲೀಕರಿಗೋ ಪ್ರಯಾಣ, ವಸತಿ ಸ್ವಂತ ಖರ್ಚು. ಕಲಿತ ಅಡುಗೆಯವ ಬಿಟ್ಟುಹೋದರೆ ಬದಲಿಯವನ ತರಬೇತಿಗೆ ತಲಾ ಶುಲ್ಕ, ಆ ಶುಲ್ಕದ ಮೊತ್ತ ಕಾರ್ಯಾಚರಣೆ ಕೈಪಿಡಿಯಲ್ಲಿ. ಕೈಪಿಡಿ ಸಿಗುವುದು ಸಹಿಯಾದ ಮೇಲೆ, ಅದನ್ನು ಕಂಪನಿ ಯಾವಾಗ ಬೇಕಾದರೂ ತಿದ್ದಬಹುದು. ಅಡುಗೆಯವರು ನಿಲ್ಲದ ಈ ದಂಧೆಯಲ್ಲಿ ಇದು ಸಣ್ಣ ಬಾಬತ್ತಲ್ಲ.

ನಾನು ಮೆಚ್ಚುವ ಸಾರಾಂಶದಲ್ಲಿ ಪ್ರತಿ ಅಂಕಿಯ ಪಕ್ಕ ಮೂರು ಸಂಗತಿ ಇರುತ್ತವೆ: ಯಾವ ಮೊತ್ತದ ಮೇಲೆ, ಬದಲಿಸುವ ಅಧಿಕಾರ ಯಾರಿಗೆ, ಯಾವ ಕಲಮು. ಪತ್ರ ಏನೂ ಹೇಳದ ಕಡೆ ‘ಹೇಳಿಲ್ಲ’ ಎಂದೇ ಬರೆದಿರುತ್ತದೆ. ಆ ‘ಹೇಳಿಲ್ಲ’ಗಳನ್ನೆಲ್ಲ ಪಟ್ಟಿ ಮಾಡಿ ಕಂಪನಿಯನ್ನು ಕೇಳಬೇಕು. ಫೋನಿನಲ್ಲಿ ಬಂದ ಭರವಸೆ, ವಾಟ್ಸ್‌ಆ್ಯಪ್ ಉತ್ತರ ಸಾಲದು. ಈ ಪತ್ರದಾಚೆಗಿನ ಯಾವ ಮಾತೂ ಲೆಕ್ಕಕ್ಕಿಲ್ಲ ಎನ್ನುವ ಕಲಮು ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಉತ್ತರ ಅನುಬಂಧವಾಗಿ ಸೇರಿ, ಅದರ ಕೆಳಗೂ ಇಬ್ಬರ ಸಹಿ ಬೀಳಬೇಕು.